ಯಾವ ಪ್ರೊಪೆಲ್ಲರ್ ಮೇಲು? ತೂಗಿ ನೋಡೋಣ

ಮಕ್ಕಳೇ, ಆಟಿಕೆಯ ಡ್ರೋನ್ ಹಾರುವುದನ್ನು ನೀವು ನೋಡಿರಬಹುದು. ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಪುಟ್ಟ ಮೋಟಾರುಗಳಿರುತ್ತವೆ. ಪ್ರತಿ ಮೋಟಾರಿನ ತುದಿಯಲ್ಲಿ ಒಂದೊಂದು ಪ್ರೊಪೆಲ್ಲರ್ ತಿರುಗುತ್ತದೆ. ಪ್ರೊಪೆಲ್ಲರ್ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಹೀಗೆ ಸಿಗುವ ಬಲಕ್ಕೆ ನೂಕುಬಲ ಎನ್ನೋಣ.

ಈಗ ಒಂದು ಪ್ರಶ್ನೆ. ನಿಮ್ಮ ಡ್ರೋನ್ 72 ಗ್ರಾಂ ತೂಗುತ್ತದೆ. ಅದು ಗಾಳಿಯಲ್ಲಿ ನಿಲ್ಲಬೇಕಾದರೆ ನಾಲ್ಕು ಪ್ರೊಪೆಲ್ಲರ್‌ಗಳೂ ಸೇರಿ 72 ಗ್ರಾಂ ತೂಕವನ್ನು ಹೊರಬೇಕು. ಅಂದರೆ ಒಂದೊಂದರ ಪಾಲು 18 ಗ್ರಾಂ. ನಿಮ್ಮ ಬಳಿ ಎರಡು ಬಗೆಯ ಪ್ರೊಪೆಲ್ಲರ್‌ಗಳಿವೆ. ಒಂದರ ಅಡ್ಡಳತೆ 55 ಮಿಲಿಮೀಟರ್, ಇನ್ನೊಂದರದು 75 ಮಿಲಿಮೀಟರ್. ಬ್ಯಾಟರಿ ಒಂದೇ, ಮೋಟಾರೂ ಒಂದೇ. ಯಾವುದನ್ನು ಹಾಕಿದರೆ ಡ್ರೋನ್ ಹೆಚ್ಚು ಹೊತ್ತು ಹಾರುತ್ತದೆ?

ಚಿಕ್ಕದು ಹಗುರ, ಅದನ್ನು ತಿರುಗಿಸುವುದು ಸುಲಭ ಎಂದು ಕೆಲವರು ಹೇಳಬಹುದು. ದೊಡ್ಡದು ಹೆಚ್ಚು ಗಾಳಿ ತಳ್ಳುತ್ತದೆ ಎಂದು ಇನ್ನು ಕೆಲವರು ಹೇಳಬಹುದು. ವಾದ ಮಾಡುವುದಕ್ಕಿಂತ ತೂಗಿ ನೋಡುವುದು ಒಳ್ಳೆಯದಲ್ಲವೇ? ಅದಕ್ಕಾಗಿ ಒಂದು ಪರೀಕ್ಷಾ ಸ್ಟ್ಯಾಂಡ್ ಮಾಡೋಣ. ವಿದ್ಯುತ್ ಮತ್ತು ತಿರುಗುವ ರೆಕ್ಕೆ ಎರಡೂ ಇರುವುದರಿಂದ ಈ ಪ್ರಯೋಗವನ್ನು ಶಿಕ್ಷಕರು ಜೊತೆಯಲ್ಲಿದ್ದಾಗ ಮಾತ್ರ ಮಾಡಿ.

ಅಂಗಡಿಯ ತಕ್ಕಡಿಯೊಳಗಿನ ಲೋಹದ ತುಂಡು

ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಸಕ್ಕರೆ ಇಟ್ಟ ಕೂಡಲೇ ತೂಕ ಅಂಕಿಗಳಲ್ಲಿ ಕಾಣುತ್ತದೆ. ಆ ತಟ್ಟೆಯ ಕೆಳಗೆ ಅಲ್ಯುಮಿನಿಯಂನ ಒಂದು ಚೌಕ ಸರಳಿನ ತುಂಡು ಇರುತ್ತದೆ. ಅದೇ ಲೋಡ್ ಸೆಲ್.

ಲೋಡ್ ಸೆಲ್ ಹೇಗೆ ಕೆಲಸ ಮಾಡುತ್ತದೆ? ಸರಳಿನ ಒಂದು ತುದಿಯನ್ನು ಬಿಗಿದು ಇನ್ನೊಂದು ತುದಿಯ ಮೇಲೆ ಭಾರ ಹಾಕಿದರೆ ಅದು ಸ್ವಲ್ಪ ಬಾಗುತ್ತದೆ. ಈ ಬಾಗು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆದರೆ ಸರಳಿನ ಮೈಗೆ ಸ್ಟ್ರೇನ್ ಗೇಜ್ ಎಂಬ ತೆಳು ಪಟ್ಟಿಗಳನ್ನು ಅಂಟಿಸಿರುತ್ತಾರೆ. ಪಟ್ಟಿಯಲ್ಲಿ ಬಹಳ ಸಣ್ಣ ಲೋಹದ ಎಳೆ ಅಂಕುಡೊಂಕಾಗಿ ಓಡಿರುತ್ತದೆ. ಸರಳು ಬಾಗಿದಾಗ ಎಳೆ ಹಿಗ್ಗಿದರೆ ಅದು ಉದ್ದವೂ ತೆಳುವೂ ಆಗಿ, ವಿದ್ಯುತ್ತಿಗೆ ಒಡ್ಡುವ ರೋಧ ಹೆಚ್ಚುತ್ತದೆ. ಕುಗ್ಗಿದರೆ ರೋಧ ಕಡಿಮೆಯಾಗುತ್ತದೆ. ಈ ವ್ಯತ್ಯಾಸವನ್ನು ಅಳೆದರೆ ಭಾರ ಎಷ್ಟೆಂದು ತಿಳಿಯುತ್ತದೆ.

ಸ್ಟ್ರೇನ್ ಗೇಜನ್ನು 1938ರಲ್ಲಿ ಅಮೆರಿಕದ ಇಬ್ಬರು, ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್, ಒಬ್ಬರಿಗೊಬ್ಬರು ತಿಳಿಯದೆ ಬೇರೆ ಬೇರೆಯಾಗಿ ಕಂಡುಹಿಡಿದರು. ಭೂಕಂಪವಾದರೆ ನೀರಿನ ಟ್ಯಾಂಕಿಗೆ ಏನಾಗುತ್ತದೆ ಎಂದು ತಿಳಿಯಲು ಹೊರಟಿದ್ದ ರೂಜ್ ಅವರಿಗೆ ಇಂತಹ ಒಂದು ಅಳತೆಯ ಸಾಧನ ಬೇಕಾಗಿತ್ತು.

ನಮ್ಮ ಕೆಲಸಕ್ಕೆ 1 ಕಿಲೋಗ್ರಾಂವರೆಗೆ ತೂಗುವ, ಸುಮಾರು 8 ಸೆಂಟಿಮೀಟರ್ ಉದ್ದದ ಲೋಡ್ ಸೆಲ್ ಸಾಕು. ಅದರಿಂದ ನಾಲ್ಕು ಬಣ್ಣದ ತಂತಿಗಳು ಹೊರಬಂದಿರುತ್ತವೆ. ಅದು ಕೊಡುವ ವಿದ್ಯುತ್ ಸಂಕೇತ ಬಹಳ ದುರ್ಬಲ. 5 ವೋಲ್ಟ್ ಕೊಟ್ಟು, ಪೂರ್ತಿ 1 ಕಿಲೋಗ್ರಾಂ ಭಾರ ಹಾಕಿದರೂ ಸಿಗುವುದು ಸುಮಾರು 5 ಮಿಲಿವೋಲ್ಟ್ ಮಾತ್ರ. ಅದನ್ನು ಹಿಗ್ಗಿಸಿ ಅಂಕಿಯಾಗಿ ಬದಲಿಸಲು ಎಚ್‌ಎಕ್ಸ್ 711 ಎಂಬ ಚಿಪ್ ಇರುವ ಚಿಕ್ಕ ಹಲಗೆ ಬೇಕು. ಆ ಅಂಕಿಯನ್ನು ಓದಿ ಕಂಪ್ಯೂಟರಿಗೆ ಕಳಿಸಲು ಆರ್ಡುಯಿನೊ ಹಲಗೆ ಬೇಕು. ಅದಕ್ಕೆ ಬೇಕಾದ ಪ್ರೋಗ್ರಾಂ ಸಿದ್ಧವಾಗಿಯೇ ಸಿಗುತ್ತದೆ. ಶಿಕ್ಷಕರು ಅದನ್ನು ತುಂಬಿಸಿಕೊಡುತ್ತಾರೆ.

ಸ್ಟ್ಯಾಂಡ್ ಕಟ್ಟುವ ಬಗೆ

1. ಸುಮಾರು 20 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ ದಪ್ಪ ಹಲಗೆಯೊಂದನ್ನು ತೆಗೆದುಕೊಳ್ಳಿ. ಅದರ ಮೇಲೆ 5 ಸೆಂಟಿಮೀಟರ್ ಎತ್ತರದ ಮರದ ದಿಮ್ಮಿಯನ್ನು ಸ್ಕ್ರೂ ಹಾಕಿ ಬಿಗಿಯಿರಿ. ಇದೇ ಪೀಠ.

2. ಲೋಡ್ ಸೆಲ್ಲನ್ನು ನೆಟ್ಟಗೆ ನಿಲ್ಲಿಸಿ, ಅದರ ಕೆಳತುದಿಯನ್ನು ಮಾತ್ರ ದಿಮ್ಮಿಯ ಮುಂಬದಿಗೆ ಬಿಗಿಯಿರಿ. ಲೋಡ್ ಸೆಲ್ ಮತ್ತು ಮರದ ನಡುವೆ ವಾಷರ್ ಇಡಿ. ಲೋಡ್ ಸೆಲ್‌ನ ನಡುಭಾಗ ಮತ್ತು ಮೇಲ್ಭಾಗ ಯಾವುದಕ್ಕೂ ತಾಗಬಾರದು. ತಾಗಿದರೆ ಅದು ಬಾಗುವುದಿಲ್ಲ, ಬಾಗದಿದ್ದರೆ ತೂಕವೂ ಕಾಣುವುದಿಲ್ಲ.

3. ಲೋಡ್ ಸೆಲ್‌ನ ಮೇಲ್ತುದಿಗೆ ಸುಮಾರು 15 ಸೆಂಟಿಮೀಟರ್ ಉದ್ದದ ಗಟ್ಟಿಯಾದ ಕಿರಿದಾದ ಮರದ ಪಟ್ಟಿಯನ್ನು ನೆಟ್ಟಗೆ ಬಿಗಿಯಿರಿ. ಇಲ್ಲಿಯೂ ನಡುವೆ ವಾಷರ್ ಇರಲಿ.

4. ಪಟ್ಟಿಯ ತುದಿಯಲ್ಲಿ ಮೋಟಾರನ್ನು ಅಡ್ಡಲಾಗಿ ಮಲಗಿಸಿ ಕಟ್ಟಿರಿ. ಪ್ರೊಪೆಲ್ಲರ್ ಮುಂದಕ್ಕೆ ಮುಖ ಮಾಡಿರಬೇಕು, ಅಂದರೆ ಮೇಜಿನ ಫ್ಯಾನ್ ನಿಂತಿರುವಂತೆ.

ಮೋಟಾರನ್ನು ಇಷ್ಟು ಮೇಲೆ ಇಡುವುದು ಏಕೆ? ಪ್ರೊಪೆಲ್ಲರ್ ತಳ್ಳಿದ ಗಾಳಿ ಲೋಡ್ ಸೆಲ್‌ಗೋ ದಿಮ್ಮಿಗೋ ಬಡಿದರೆ ಅದು ಸ್ಟ್ಯಾಂಡನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ಆಗ ನೂಕುಬಲ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಇದೇ ಕಾರಣಕ್ಕೆ ಸ್ಟ್ಯಾಂಡನ್ನು ಗೋಡೆಯಿಂದ ಒಂದು ಮೀಟರಾದರೂ ದೂರ ಇಡಬೇಕು. ಕೋಣೆಯ ಫ್ಯಾನನ್ನೂ ನಿಲ್ಲಿಸಬೇಕು.

ಮೋಟಾರಿಗೆ ವಿದ್ಯುತ್ ಒಯ್ಯುವ ತಂತಿಗಳು ಮೆತ್ತಗಿರಲಿ, ಸಡಿಲವಾಗಿ ಇಳಿಬಿದ್ದಿರಲಿ. ಗಟ್ಟಿ ತಂತಿ ಸ್ಪ್ರಿಂಗಿನಂತೆ ಪಟ್ಟಿಯನ್ನು ಹಿಡಿದುಕೊಂಡು ಅಳತೆಯನ್ನು ಕೆಡಿಸುತ್ತದೆ.

ಕೊನೆಗೆ ಪೀಠವನ್ನು ಮೇಜಿಗೆ ಕ್ಲಾಂಪಿನಿಂದ ಬಿಗಿಯಿರಿ.

ಅಂಕಿಯನ್ನು ಗ್ರಾಂ ಮಾಡುವುದು

ಆರ್ಡುಯಿನೊ ಮೊದಲು ತೋರಿಸುವುದು ಗ್ರಾಂ ಅಲ್ಲ, ಒಂದು ದೊಡ್ಡ ಅಂಕಿ. ಅದರಲ್ಲಿ ಎಷ್ಟು ಸೇರಿದರೆ ಒಂದು ಗ್ರಾಂ ಎಂದು ನಾವೇ ಕಂಡುಕೊಳ್ಳಬೇಕು.

ಇದಕ್ಕೆ ಒಂದು ಸುಲಭ ಉಪಾಯವಿದೆ. ಪ್ರೊಪೆಲ್ಲರ್ ತೆಗೆದು, ಇಡೀ ಸ್ಟ್ಯಾಂಡನ್ನು ಮುಂದಕ್ಕೆ ಮಲಗಿಸಿ. ಪಟ್ಟಿ ಮೇಜಿನ ಅಂಚಿನಿಂದ ಹೊರಗೆ ಚಾಚಿರಬೇಕು, ಮೋಟಾರಿನ ಮುಖ ನೆಲದ ಕಡೆಗಿರಬೇಕು. ಪೀಠವನ್ನು ಅಲುಗದಂತೆ ಬಿಗಿದು, ತೆರೆಯ ಮೇಲಿನ ಅಂಕಿಯನ್ನು ಬರೆದುಕೊಳ್ಳಿ. ಅದು 40,000 ಎಂದಿರಲಿ. ಈಗ ಮೋಟಾರು ಇರುವ ಜಾಗಕ್ಕೆ ಸರಿಯಾಗಿ ದಾರ ಕಟ್ಟಿ 100 ಗ್ರಾಂ ಬಟ್ಟನ್ನು ತೂಗುಹಾಕಿ. ಅಂಕಿ 2,50,000 ಆಯಿತು ಎಂದುಕೊಳ್ಳಿ.

ಹೆಚ್ಚಿದ್ದು 2,50,000 − 40,000 = 2,10,000. ಇದು 100 ಗ್ರಾಂನಿಂದ ಆದದ್ದು. ಹಾಗಾದರೆ ಒಂದು ಗ್ರಾಂಗೆ 2,100. ಈ ಸಂಖ್ಯೆಯನ್ನು ಪ್ರೋಗ್ರಾಂನಲ್ಲಿ ಬರೆದರೆ ಮುಂದೆ ತೆರೆಯ ಮೇಲೆ ಗ್ರಾಂ ಕಾಣುತ್ತದೆ. ನಿಮ್ಮ ಲೋಡ್ ಸೆಲ್‌ಗೆ ಬರುವ ಸಂಖ್ಯೆ ಬೇರೆ ಇರುತ್ತದೆ, ಅದನ್ನು ನೀವೇ ಅಳೆಯಬೇಕು.

ಬಟ್ಟನ್ನು ಮೋಟಾರಿನ ಜಾಗದಲ್ಲೇ ಏಕೆ ತೂಗುಹಾಕಬೇಕು? ನಾಳೆ ಪ್ರೊಪೆಲ್ಲರ್ ಎಳೆಯುವುದು ಅದೇ ಜಾಗದಿಂದ, ಅದೇ ದಿಕ್ಕಿಗೆ. ಎಲ್ಲಿ ಅಳೆಯುತ್ತೇವೋ ಅಲ್ಲಿಯೇ ಪರೀಕ್ಷಿಸಬೇಕು.

ಈಗ 50 ಗ್ರಾಂ ಮತ್ತು 20 ಗ್ರಾಂ ಬಟ್ಟುಗಳನ್ನು ಒಂದೊಂದಾಗಿ ತೂಗುಹಾಕಿ ನೋಡಿ. 50 ಗ್ರಾಂ ಹಾಕಿದಾಗ 46 ಎಂದು ತೋರಿಸಿದರೆ ಎಲ್ಲೋ ಏನೋ ಉಜ್ಜುತ್ತಿದೆ ಅಥವಾ ಸ್ಕ್ರೂ ಸಡಿಲವಾಗಿದೆ. ಬಟ್ಟು ತೆಗೆದ ಮೇಲೆ ಅಂಕಿ ಸೊನ್ನೆಗೆ ಮರಳಬೇಕು. ಲೋಡ್ ಸೆಲ್ಲನ್ನು ಕೈಯಿಂದ ಜೋರಾಗಿ ಒತ್ತಬೇಡಿ. ಅಳತೆ ಮೀರಿ ಬಾಗಿದರೆ ಅದು ಮತ್ತೆ ಮೊದಲಿನಂತಾಗುವುದಿಲ್ಲ.

ಎಲ್ಲ ಸರಿಯಾದ ಮೇಲೆ ಸ್ಟ್ಯಾಂಡನ್ನು ಎತ್ತಿ ನಿಲ್ಲಿಸಿ, ಸೊನ್ನೆಯನ್ನು ಮತ್ತೆ ಹೊಂದಿಸಿ.

ಓಡಿಸುವ ಮೊದಲು ಎಚ್ಚರ

ತಿರುಗುವ ರೆಕ್ಕೆ ಚಿಕ್ಕದಾದರೂ ಬೆರಳು ಕೊಯ್ಯಬಲ್ಲದು, ಮುರಿದರೆ ಚೂರು ಸಿಡಿಯಬಲ್ಲದು. ಚೂರು ಸಿಡಿಯುವುದು ರೆಕ್ಕೆ ತಿರುಗುವ ಪಕ್ಕಗಳಿಗೆ. ಆದ್ದರಿಂದ ಪ್ರೊಪೆಲ್ಲರಿನ ಎಡಬಲಗಳಲ್ಲಿ ನಿಲ್ಲಬೇಡಿ. ಸ್ಟ್ಯಾಂಡಿನ ಹಿಂದೆ, ದೂರದಲ್ಲಿ ನಿಲ್ಲಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ, ಜಡೆ ಹಿಂದಕ್ಕೆ ಕಟ್ಟಿರಲಿ. ಪ್ರೊಪೆಲ್ಲರ್ ಮುಟ್ಟುವ ಮೊದಲು ವಿದ್ಯುತ್ ಸಂಪರ್ಕ ತೆಗೆಯಿರಿ. ಇಲ್ಲಿ ನಾವು ಬಳಸುವುದು 4 ವೋಲ್ಟಿಗೂ ಕಡಿಮೆ ಸಾಕಾಗುವ ಆಟಿಕೆಯ ಮೋಟಾರು. ದೊಡ್ಡ ಡ್ರೋನಿನ ಮೋಟಾರನ್ನು ಈ ಮರದ ಸ್ಟ್ಯಾಂಡಿಗೆ ಎಂದೂ ಕಟ್ಟಬೇಡಿ.

ಮೊದಲ ಪರೀಕ್ಷೆ, ತಪ್ಪು ಉತ್ತರ

ಮೋಟಾರಿಗೆ ವೋಲ್ಟೇಜ್ ಹೆಚ್ಚು ಕಡಿಮೆ ಮಾಡಬಲ್ಲ, 3 ಆಂಪಿಯರ್ ಕೊಡಬಲ್ಲ ಪವರ್ ಸಪ್ಲೈ ಜೋಡಿಸಿ. ಮೋಟಾರಿನ ಹತ್ತಿರ ವೋಲ್ಟೇಜ್ ಎಷ್ಟಿದೆ, ಅದರಲ್ಲಿ ಹರಿಯುವ ವಿದ್ಯುತ್ ಎಷ್ಟು ಆಂಪಿಯರ್ ಇದೆ ಎಂದು ಮೀಟರಿನಿಂದ ಅಳೆಯಿರಿ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಮೋಟಾರು ಪ್ರತಿ ಕ್ಷಣ ಎಷ್ಟು ವಿದ್ಯುತ್ ಶಕ್ತಿಯನ್ನು ನುಂಗುತ್ತಿದೆ ಎಂಬುದನ್ನು ವ್ಯಾಟ್ ಹೇಳುತ್ತದೆ.

ನೂಕುಬಲದ ಗ್ರಾಂ ಸಂಖ್ಯೆಯನ್ನು ವ್ಯಾಟ್ ಸಂಖ್ಯೆಯಿಂದ ಭಾಗಿಸಿ. ಒಂದು ವ್ಯಾಟಿಗೆ ಎಷ್ಟು ಗ್ರಾಂ ಸಿಕ್ಕಿತು ಎಂದು ತಿಳಿಯುತ್ತದೆ. ಇದೇ ನಮ್ಮ ದಕ್ಷತೆಯ ಅಳತೆ.

ಲೆಕ್ಕ ತಿಳಿಯಲು ಇಂತಹ ಮೋಟಾರಿಗೆ ಒಪ್ಪುವ ಸಂಖ್ಯೆಗಳನ್ನು ತೆಗೆದುಕೊಳ್ಳೋಣ. ಎರಡೂ ಪ್ರೊಪೆಲ್ಲರ್‌ಗಳಿಗೆ 3.6 ವೋಲ್ಟ್ ಕೊಟ್ಟೆವು ಎಂದುಕೊಳ್ಳಿ.

ಚಿಕ್ಕ ಪ್ರೊಪೆಲ್ಲರ್: ವಿದ್ಯುತ್ 1.2 ಆಂಪಿಯರ್. 3.6 × 1.2 = 4.32 ವ್ಯಾಟ್. ನೂಕುಬಲ 18 ಗ್ರಾಂ. ಒಂದು ವ್ಯಾಟಿಗೆ ಸುಮಾರು 4.2 ಗ್ರಾಂ.

ದೊಡ್ಡ ಪ್ರೊಪೆಲ್ಲರ್: ವಿದ್ಯುತ್ 2.8 ಆಂಪಿಯರ್. 3.6 × 2.8 = 10.08 ವ್ಯಾಟ್. ನೂಕುಬಲ 36 ಗ್ರಾಂ. ಒಂದು ವ್ಯಾಟಿಗೆ ಸುಮಾರು 3.6 ಗ್ರಾಂ.

ಚಿಕ್ಕದೇ ಗೆದ್ದಿತಲ್ಲ! ಬಹಳ ಮಂದಿ ಇಲ್ಲಿಗೇ ನಿಲ್ಲಿಸಿ, ಚಿಕ್ಕ ಪ್ರೊಪೆಲ್ಲರೇ ಮೇಲು ಎಂದು ಬರೆದುಬಿಡುತ್ತಾರೆ. ಆದರೆ ಸ್ವಲ್ಪ ಯೋಚಿಸಿ. ದೊಡ್ಡದು ಇಲ್ಲಿ ಎರಡರಷ್ಟು ಭಾರವನ್ನು ಎತ್ತುತ್ತಿದೆ. ಒಂದು ಮೂಟೆ ಹೊತ್ತವನನ್ನೂ ಎರಡು ಮೂಟೆ ಹೊತ್ತವನನ್ನೂ ಹೋಲಿಸಿ, ಯಾರಿಗೆ ಹೆಚ್ಚು ದಣಿವಾಯಿತು ಎಂದು ಕೇಳಿದಂತಾಯಿತು. ನಮ್ಮ ಡ್ರೋನಿಗೆ ಬೇಕಾದದ್ದು ಮೋಟಾರು ಒಂದಕ್ಕೆ 18 ಗ್ರಾಂ. ಆದ್ದರಿಂದ ಎರಡಕ್ಕೂ ಅಷ್ಟೇ ಭಾರ ಹೊರಿಸಿ ಹೋಲಿಸಬೇಕು.

ಎರಡನೆಯ ಪರೀಕ್ಷೆ

ದೊಡ್ಡ ಪ್ರೊಪೆಲ್ಲರನ್ನೇ ಇಟ್ಟುಕೊಂಡು ವೋಲ್ಟೇಜನ್ನು ನಿಧಾನವಾಗಿ ಇಳಿಸಿ. ತೆರೆಯ ಮೇಲೆ 18 ಗ್ರಾಂ ಬಂದಾಗ ನಿಲ್ಲಿಸಿ, ಮೀಟರ್ ನೋಡಿ. ನಮ್ಮ ಲೆಕ್ಕದಲ್ಲಿ ಅದು 2.3 ವೋಲ್ಟ್, 1.4 ಆಂಪಿಯರ್. ಗುಣಿಸಿದರೆ 3.22 ವ್ಯಾಟ್. 18 ಗ್ರಾಂ ಭಾಗಿಸು 3.22, ಅಂದರೆ ಒಂದು ವ್ಯಾಟಿಗೆ ಸುಮಾರು 5.6 ಗ್ರಾಂ.

ಈಗ ಫಲಿತಾಂಶ ತಿರುಗಿಬಿತ್ತು! ಅದೇ 18 ಗ್ರಾಂ ಎತ್ತಲು ಚಿಕ್ಕದಕ್ಕೆ 4.32 ವ್ಯಾಟ್ ಬೇಕು, ದೊಡ್ಡದಕ್ಕೆ 3.22 ವ್ಯಾಟ್ ಸಾಕು.

ಇದರಿಂದ ಹಾರುವ ಸಮಯ ಎಷ್ಟು ಬದಲಾಗುತ್ತದೆ ನೋಡೋಣ. 3.7 ವೋಲ್ಟ್, 500 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1.85 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಅಂದರೆ 1.85 ವ್ಯಾಟ್‌ನಂತೆ ಬಳಸಿದರೆ ಅದು 60 ನಿಮಿಷ ಬಾಳುತ್ತದೆ. 1.85 × 60 = 111. ಈ 111ನ್ನು ನಾಲ್ಕೂ ಮೋಟಾರುಗಳು ಸೇರಿ ಬಳಸುವ ವ್ಯಾಟ್‌ನಿಂದ ಭಾಗಿಸಿದರೆ ನಿಮಿಷಗಳು ಸಿಗುತ್ತವೆ. ಚಿಕ್ಕ ಪ್ರೊಪೆಲ್ಲರ್‌ಗಳಾದರೆ 17.28 ವ್ಯಾಟ್, ಸುಮಾರು ಆರೂವರೆ ನಿಮಿಷ. ದೊಡ್ಡವಾದರೆ 12.88 ವ್ಯಾಟ್, ಸುಮಾರು ಎಂಟೂವರೆ ನಿಮಿಷ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಡ್ರೋನಿನ ಉಳಿದ ಭಾಗಗಳಿಗೂ ವಿದ್ಯುತ್ ಬೇಕು. ಆದ್ದರಿಂದ ನಿಜವಾದ ಸಮಯ ಇದಕ್ಕಿಂತ ಕಡಿಮೆ. ಆದರೂ ದೊಡ್ಡ ಪ್ರೊಪೆಲ್ಲರ್‌ಗಳದೇ ಮೇಲುಗೈ.

ಇನ್ನೊಂದು ಮಾತು. ಚಿಕ್ಕ ಪ್ರೊಪೆಲ್ಲರ್ ಇಡೀ 3.6 ವೋಲ್ಟನ್ನು ಬಳಸಿ 18 ಗ್ರಾಂ ಕೊಟ್ಟಿತು. ಇನ್ನೂ ಮೇಲೇರಲು ಅದರಲ್ಲಿ ಶಕ್ತಿ ಉಳಿದಿಲ್ಲ. ಅಂತಹ ಡ್ರೋನ್ ನಿಂತಲ್ಲೇ ನಿಂತೀತು, ಎತ್ತರಕ್ಕೆ ಏರಲಾರದು.

ದೊಡ್ಡದು ಗೆದ್ದದ್ದು ಏಕೆ?

ಗಾಳಿಯನ್ನು ಬೊಗಸೆಯಲ್ಲಿ ಎಣಿಸೋಣ. ದೊಡ್ಡ ಪ್ರೊಪೆಲ್ಲರ್ ಪ್ರತಿ ಸೆಕೆಂಡಿಗೆ 2 ಬೊಗಸೆ ಗಾಳಿಯನ್ನು 1 ಪಟ್ಟು ವೇಗದಲ್ಲಿ ತಳ್ಳುತ್ತದೆ ಎನ್ನಿ. ಚಿಕ್ಕದು 1 ಬೊಗಸೆಯನ್ನು 2 ಪಟ್ಟು ವೇಗದಲ್ಲಿ ತಳ್ಳುತ್ತದೆ ಎನ್ನಿ. ನೂಕುಬಲಕ್ಕೆ ಗಾಳಿಯನ್ನು ವೇಗದಿಂದ ಒಂದು ಸಲ ಗುಣಿಸಬೇಕು. 2 × 1 = 2, 1 × 2 = 2. ಎರಡೂ ಸಮ.

ಆದರೆ ಖರ್ಚಾಗುವ ಶಕ್ತಿಗೆ ವೇಗದಿಂದ ಎರಡು ಸಲ ಗುಣಿಸಬೇಕು. ದೊಡ್ಡದಕ್ಕೆ 2 × 1 × 1 = 2. ಚಿಕ್ಕದಕ್ಕೆ 1 × 2 × 2 = 4. ನೂಕುಬಲ ಅಷ್ಟೇ, ಖರ್ಚು ಮಾತ್ರ ಎರಡರಷ್ಟು. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವುದೇ ಲಾಭ. ಬೆಂಗಳೂರಿನ ಎಚ್‌ಎಎಲ್ ತಯಾರಿಸುವ ಧ್ರುವ ಹೆಲಿಕಾಪ್ಟರಿನ ದೊಡ್ಡ ರೆಕ್ಕೆಚಕ್ರದ ಅಡ್ಡಳತೆ 13.2 ಮೀಟರ್ ಇರುವುದಕ್ಕೂ ಇದು ಒಂದು ಕಾರಣ.

ದೊಡ್ಡ ಪ್ರೊಪೆಲ್ಲರ್ 18 ಗ್ರಾಂ ಎತ್ತುವಾಗ 3.22 ವ್ಯಾಟ್ ಬಳಸಿತು, 36 ಗ್ರಾಂ ಎತ್ತುವಾಗ 10.08 ವ್ಯಾಟ್ ಬಳಸಿತು. ಭಾರ ಎರಡರಷ್ಟಾದರೆ ಖರ್ಚು ಮೂರರಷ್ಟಾಯಿತು. ಮೊದಲ ಪರೀಕ್ಷೆಯಲ್ಲಿ ಅದು ಸೋತಂತೆ ಕಂಡದ್ದು ಇದರಿಂದಲೇ.

ಹಾಗೆಂದು ಎಷ್ಟು ದೊಡ್ಡದಾದರೂ ಒಳ್ಳೆಯದು ಎನ್ನಬೇಡಿ. ಪ್ರೊಪೆಲ್ಲರ್ ಅತಿ ದೊಡ್ಡದಾದರೆ ಮೋಟಾರಿಗೆ ಅದನ್ನು ತಿರುಗಿಸುವುದೇ ಕಷ್ಟ. ಆಗ ಅದು ಹೆಚ್ಚು ವಿದ್ಯುತ್ ಎಳೆದು ಬಿಸಿಯಾಗುತ್ತದೆ, ಶಕ್ತಿ ಶಾಖವಾಗಿ ಹಾಳಾಗುತ್ತದೆ. ಎಲ್ಲಿಯವರೆಗೆ ದೊಡ್ಡದು ಮಾಡಬಹುದು ಎಂಬುದನ್ನೂ ಈ ಸ್ಟ್ಯಾಂಡೇ ಹೇಳುತ್ತದೆ.

ಅಳತೆಯನ್ನು ನಂಬಬಹುದೇ?

ಒಂದು ಸಲ ಅಳೆದು ತೀರ್ಮಾನ ಮಾಡಬಾರದು. ಮೊದಲು ಚಿಕ್ಕದು, ಆಮೇಲೆ ದೊಡ್ಡದು, ಮತ್ತೆ ಚಿಕ್ಕದು, ಹೀಗೆ ಬದಲಿಸಿ ಮೂರು ಸುತ್ತು ಅಳೆಯಿರಿ. ಪ್ರತಿ ಸಲ ಮೋಟಾರನ್ನು 10 ಸೆಕೆಂಡ್ ಮಾತ್ರ ಓಡಿಸಿ, ಒಂದೆರಡು ನಿಮಿಷ ಆರಲು ಬಿಡಿ. ಬಿಸಿಯಾದ ಮೋಟಾರಿನ ತಂತಿಯ ರೋಧ ಹೆಚ್ಚುತ್ತದೆ, ಅಂಕಿಗಳು ಬದಲಾಗುತ್ತವೆ.

ಮೋಟಾರು ನಡುಗುವುದರಿಂದ ತೆರೆಯ ಮೇಲಿನ ಗ್ರಾಂ ಕೂಡ ಏರಿಳಿಯುತ್ತದೆ. ಹತ್ತು ಅಂಕಿಗಳ ಸರಾಸರಿ ತೆಗೆಯಿರಿ. ಮೋಟಾರು ನಿಂತ ಮೇಲೆ ತೆರೆ ಸೊನ್ನೆ ತೋರಿಸುತ್ತಿದೆಯೇ ನೋಡಿ. 2 ಗ್ರಾಂ ಎಂದು ತೋರಿಸಿದರೆ ಆ ಸುತ್ತಿನ ಅಳತೆಯನ್ನು ಬಿಟ್ಟು ಮತ್ತೆ ಮಾಡಿ.

ಒಂದೇ ಪ್ರೊಪೆಲ್ಲರಿಗೆ ಮೂರು ಸಲವೂ 18, 17.5, 18.5 ಹೀಗೆ ಬಂದರೆ ಅರ್ಧ ಗ್ರಾಂನಷ್ಟು ಹೆಚ್ಚು ಕಡಿಮೆ ಸಹಜ ಎಂದಾಯಿತು. ಹಾಗಿರುವಾಗ ಎರಡು ಪ್ರೊಪೆಲ್ಲರ್‌ಗಳ ನಡುವಿನ ವ್ಯತ್ಯಾಸವೂ ಅರ್ಧ ಗ್ರಾಂ ಇದ್ದರೆ ಯಾವುದೂ ಗೆದ್ದಿಲ್ಲ, ಎರಡೂ ಸಮ ಎಂದೇ ಬರೆಯಬೇಕು.

ಈ ಸ್ಟ್ಯಾಂಡಿಗೂ ಒಂದು ಮಿತಿ ಇದೆ. ಇಲ್ಲಿ ಮೋಟಾರು ನಿಂತಲ್ಲೇ ಇರುತ್ತದೆ. ನಿಂತಲ್ಲೇ ತೇಲುವ ಡ್ರೋನಿಗೆ ಈ ಫಲಿತಾಂಶ ಹೊಂದುತ್ತದೆ. ವೇಗವಾಗಿ ಮುಂದೆ ಸಾಗುವ ವಿಮಾನದ ಪ್ರೊಪೆಲ್ಲರಿಗೆ ಎದುರು ಗಾಳಿ ಬಡಿಯುತ್ತಿರುತ್ತದೆ. ಅದನ್ನು ತಿಳಿಯಲು ಗಾಳಿ ಸುರಂಗದಲ್ಲಿ ಇಟ್ಟು ಪರೀಕ್ಷಿಸಬೇಕಾಗುತ್ತದೆ.

ನೀವೇ ಹೇಳಿ

1. ಒಂದು ಮೋಟಾರು 3 ವೋಲ್ಟಿನಲ್ಲಿ 1.5 ಆಂಪಿಯರ್ ಬಳಸಿ 18 ಗ್ರಾಂ ನೂಕುಬಲ ಕೊಟ್ಟರೆ, ಒಂದು ವ್ಯಾಟಿಗೆ ಎಷ್ಟು ಗ್ರಾಂ?

2. ಎರಡು ಪ್ರೊಪೆಲ್ಲರ್‌ಗಳನ್ನು ಹೋಲಿಸುವಾಗ ಮೋಟಾರು ಬದಲಿಸಬಾರದು. ಎರಡು ಮೋಟಾರುಗಳನ್ನು ಹೋಲಿಸುವಾಗ ಏನನ್ನು ಬದಲಿಸಬಾರದು? ಏಕೆ?

3. ನಿಮ್ಮ ಡ್ರೋನಿಗೆ 20 ಗ್ರಾಂ ಕ್ಯಾಮೆರಾ ಕಟ್ಟಿದರೆ, ಒಂದೊಂದು ಪ್ರೊಪೆಲ್ಲರ್ ಈಗ ಎಷ್ಟು ಗ್ರಾಂ ಎತ್ತಬೇಕು? ಚಿಕ್ಕ ಪ್ರೊಪೆಲ್ಲರ್‌ಗಳಿದ್ದರೆ ಅದು ನೆಲ ಬಿಟ್ಟು ಏಳುತ್ತದೆಯೇ?